ಅರ್ಜಿ ಹಾಕಬೇಕೋ ಬೇಡವೋ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಮ್ಮ ಗಣಿತದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಇವತ್ತು ನಾನು ಹೇಳಬೇಕೆಂದಿರುವುದೂ ಒಂದು ಸಣ್ಣ ಲೆಕ್ಕವೇ. ತಪ್ಪಿದರೆ ಅವರು ಅಲ್ಲಿಂದಲೇ ತಿದ್ದಲಿ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆಂದು ಗೊತ್ತಿರುವವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಹೀಗೆ ಎಲ್ಲ ಕಡೆಯಿಂದ ತಮ್ಮ ಮಕ್ಕಳ ರೆಸ್ಯೂಮ್ ಕಳಿಸುತ್ತಾರೆ. ಓದುತ್ತಾ ಹೋದಂತೆ ನನಗೆ ಎರಡು ಥರದವರು ಕಂಡರು. ಕೆಲವರು ಕಂಡಕಂಡಲ್ಲೆಲ್ಲ ಅರ್ಜಿ ಹಾಕಿ, ಎಲ್ಲಿಂದಲೂ ಉತ್ತರ ಬರದೆ ಕುಗ್ಗಿರುತ್ತಾರೆ. ಉಳಿದವರು ಜಾಹೀರಾತಿನಲ್ಲಿ ಕೇಳಿದ್ದರಲ್ಲಿ ಒಂದು ತಮ್ಮಲ್ಲಿಲ್ಲ ಎಂದು ಅರ್ಜಿಯನ್ನೇ ಹಾಕಿರುವುದಿಲ್ಲ. ಬಿಇ ಮುಗಿಸಿದ ಮೊದಲ ವರ್ಷ ನಾನು ಈ ಎರಡನೆಯ ಗುಂಪಿನವನಾಗಿದ್ದೆ. ಹಾಕದೆ ಬಿಟ್ಟ ಅರ್ಜಿ ಎಲ್ಲೂ ದಾಖಲಾಗುವುದಿಲ್ಲ ನೋಡಿ, ಹಾಗಾಗಿ ಎಷ್ಟು ಕಳೆದುಕೊಂಡೆ ಎಂದು ಇವತ್ತಿಗೂ ನನಗೆ ತಿಳಿಯದು.

ಅಂಕ ಹಾಕುವ ಮೊದಲು ಒಂದು ಕೆಲಸವಿದೆ. ಜಾಹೀರಾತಿನಲ್ಲಿ ಬಾಗಿಲು ಯಾವುದು, ಬಯಕೆ ಯಾವುದು ಎಂದು ಬೇರ್ಪಡಿಸಬೇಕು. ಬಾಗಿಲು ಎಂದರೆ ಒಂದು ಇಲ್ಲದಿದ್ದರೂ ಒಳಗೆ ಬಿಡದ ಷರತ್ತು. ಸರ್ಕಾರಿ ಅಧಿಸೂಚನೆಯಲ್ಲಿ ವಿದ್ಯಾರ್ಹತೆ, ವಯಸ್ಸು, ಪ್ರಮಾಣಪತ್ರ ಎಲ್ಲವೂ ಬಾಗಿಲೇ. ನನ್ನ ಚನ್ನಗಿರಿಯ ಗೆಳೆಯನೊಬ್ಬ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು, ದಾಖಲೆ ಪರಿಶೀಲನೆಯ ದಿನ ವಾಪಸು ಬಂದ. ಪದವಿಯ ಕೊನೆಯ ಸೆಮಿಸ್ಟರ್ ಫಲಿತಾಂಶ ಅರ್ಜಿಯ ಕೊನೆಯ ದಿನಾಂಕ ಕಳೆದ ಮೇಲೆ ಬಂದಿತ್ತು. ಎರಡು ವರ್ಷದ ಓದು ಅಲ್ಲಿಗೆ ನಿಂತಿತು. ಅಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೊಂದಿದರೂ ಸೊನ್ನೆಯೇ. ಹಾಗೆಯೇ ಪಕ್ಕದ ಹರಪನಹಳ್ಳಿಯವರಿಗೆ ಸಿಗುವ 371ಜೆ ಅರ್ಹತೆ ಜಗಳೂರಿನವರಿಗೆ ಇಲ್ಲ. ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆಂದೇ ಮೀಸಲಿಟ್ಟ ಹುದ್ದೆಯ ಮುಂದೆ ನಿಂತು ನಮ್ಮ ಅಂಕಗಳನ್ನು ಎಣಿಸುವುದರಲ್ಲಿ ಅರ್ಥವಿಲ್ಲ. ಅದೇ ನಮ್ಮಂಥ ಶಾಲೆಯಲ್ಲಿ ಓದಿದ ಅನೇಕರಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಬಾಗಿಲು ತೆರೆದಿರುತ್ತದೆ. ಆದರೆ 1ರಿಂದ 10ನೇ ತರಗತಿವರೆಗೆ ಓದಿದ್ದಕ್ಕೆ ಪ್ರಮಾಣಪತ್ರ ಕೈಯಲ್ಲಿರಬೇಕು. ಅದನ್ನು ಕೊನೆಯ ವಾರದಲ್ಲಿ ಹುಡುಕಲು ಹೊರಟರೆ ಮುಖ್ಯೋಪಾಧ್ಯಾಯರು ರಜೆಯಲ್ಲಿರುತ್ತಾರೆ. (ಇಲ್ಲಿ ಕೂತಿರುವ ಹೆಡ್‌ಮಾಸ್ತರರು ಕ್ಷಮಿಸಬೇಕು.)

ಖಾಸಗಿ ಕಂಪನಿಗಳಲ್ಲೂ ಬಾಗಿಲುಗಳಿವೆ. ಹತ್ತನೇ ತರಗತಿ, ಪಿಯುಸಿ, ಬಿಇ ಮೂರರಲ್ಲೂ ಶೇಕಡಾ 60 ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎಂದು ಹೊಸಬರ ನೇಮಕಾತಿಯಲ್ಲಿ ಕೇಳಿದರೆ, ಆನ್‌ಲೈನ್ ಫಾರಂ ನಿಮ್ಮನ್ನು ಅಲ್ಲೇ ತಡೆಯಬಹುದು. ಉಳಿದ ಪಟ್ಟಿ ಮಾತ್ರ ಬಹುಮಟ್ಟಿಗೆ ಬಯಕೆ. ಬರೆಯುವವರು ಸಿಕ್ಕರೆ ಸಿಗಲಿ ಎಂದು ಎಲ್ಲವನ್ನೂ ಸೇರಿಸಿರುತ್ತಾರೆ. ನಮ್ಮವರು ಅದನ್ನೂ ಸರ್ಕಾರಿ ಅಧಿಸೂಚನೆಯ ಹಾಗೆ ಓದಿ ಹಿಂದೆ ಸರಿಯುತ್ತಾರೆ. ಅಂಕ ಬೇಕಾಗುವುದು ಇಲ್ಲಿ.

ನನ್ನ ಅಕ್ಕನ ಮಗಳ ಉದಾಹರಣೆ ಹೇಳುತ್ತೇನೆ, ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಇರುವುದು ನ್ಯಾಮತಿಯಲ್ಲಿ. ದಾವಣಗೆರೆಯಲ್ಲಿ ಬಿಇ ಮುಗಿಸಿ, ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಒಂದೂಕಾಲು ವರ್ಷ ಮಾಡಿದ್ದಳು. ಟೆಸ್ಟ್ ಎಂಜಿನಿಯರ್ ಬೇಕೆಂಬ ಒಂದು ಜಾಹೀರಾತು ಕಳಿಸಿ, "ಮಾಮ, ಎರಡು ವರ್ಷದ ಅನುಭವ ಕೇಳಿದ್ದಾರೆ, ನನಗೆ ಅಷ್ಟಿಲ್ಲ. ಹಾಕಿ ಏನು ಉಪಯೋಗ?" ಎಂದಳು. ನಾನು, "ಪೆನ್ಸಿಲ್ ತಗೊಂಡು ಬಾ" ಎಂದೆ.

ಬೇಕೇ ಬೇಕು ಎಂದಿದ್ದವು ನಾಲ್ಕು: ಟೆಸ್ಟ್ ಕೇಸ್ ಬರೆಯುವುದು, ಎಸ್‌ಕ್ಯೂಎಲ್, ಸೆಲೆನಿಯಂ, ಎರಡು ವರ್ಷದ ಅನುಭವ. ಒಂದೊಂದಕ್ಕೆ 3 ಅಂಕ ಇಟ್ಟೆವು. ಇದ್ದರೆ ಒಳ್ಳೆಯದು ಎಂದಿದ್ದವು ಮೂರು: ಜಿರಾ, ಪೋಸ್ಟ್‌ಮನ್, ಬ್ಯಾಂಕಿಂಗ್ ವಲಯದ ಪರಿಚಯ. ಇವಕ್ಕೆ 1 ಅಂಕದಂತೆ. ಒಟ್ಟು 15. ರೆಸ್ಯೂಮ್‌ನಲ್ಲಿ ಅದನ್ನು ಸಾಬೀತು ಮಾಡುವ ಒಂದು ಸಾಲು ಇದ್ದರೆ ಪೂರ್ತಿ ಅಂಕ, ಅರೆಬರೆ ಇದ್ದರೆ ಅರ್ಧ, ಇಲ್ಲವೆಂದರೆ ಸೊನ್ನೆ. ನೆನಪಿಡಿ, ಮನಸ್ಸಿನಲ್ಲಿರುವುದಕ್ಕೆ ಅಂಕವಿಲ್ಲ, ಕಾಗದದ ಮೇಲೆ ಇರುವುದಕ್ಕೆ ಮಾತ್ರ.

ಟೆಸ್ಟ್ ಕೇಸ್‌ಗೆ ಪೂರ್ತಿ 3 ಬಂತು. ಸೆಲೆನಿಯಂ ಕೋರ್ಸಿನಲ್ಲಿ ಕಲಿತದ್ದೇ ಹೊರತು ಕೆಲಸದಲ್ಲಿ ಬಳಸಿರಲಿಲ್ಲ, ಒಂದೂವರೆ. ಅನುಭವಕ್ಕೂ ಒಂದೂವರೆ. ಎಸ್‌ಕ್ಯೂಎಲ್ ಎಂಬ ಪದವೇ ರೆಸ್ಯೂಮ್‌ನಲ್ಲಿ ಇರಲಿಲ್ಲ, ಸೊನ್ನೆ. ಜಿರಾ, ಪೋಸ್ಟ್‌ಮನ್, ಬ್ಯಾಂಕಿಂಗ್ ಮೂರಕ್ಕೂ ಸೊನ್ನೆ. 15ಕ್ಕೆ 6, ಅಂದರೆ ಶೇಕಡಾ 40. ಅವಳ ಮುಖ ಸಣ್ಣಗಾಯಿತು.

"ದಿನಾ ಕಂಡ ದೋಷಗಳನ್ನು ಎಲ್ಲಿ ದಾಖಲು ಮಾಡ್ತಿದ್ದೆ?" ಎಂದು ಕೇಳಿದೆ. "ಜಿರಾದಲ್ಲೇ ಮಾಮ, ಅದನ್ನೆಲ್ಲ ಬರೀತಾರಾ?" ಎಂದಳು. "ಡೇಟಾ ಸರಿಯಾಗಿ ಸೇರಿದೆಯೋ ಇಲ್ಲವೋ ಹೇಗೆ ನೋಡ್ತಿದ್ದೆ?" "ಎಸ್‌ಕ್ಯೂಎಲ್ ಕ್ವೆರಿ ಹಾಕಿ." ರೆಸ್ಯೂಮ್‌ನಲ್ಲಿ ಮಾತ್ರ ಕಾಲೇಜಿನ ವಿಷಯದ ಹೆಸರು ಡಿಬಿಎಂಎಸ್ ಎಂದಷ್ಟೇ ಇತ್ತು. ಸಾವಿರಾರು ರೆಸ್ಯೂಮ್‌ಗಳ ನಡುವೆ ಪದ ಹಾಕಿ ಹುಡುಕುವ ನೇಮಕಾತಿಯವರಿಗೆ ಅದು ಸಿಗುವುದು ಹೇಗೆ? ಎರಡು ಸಾಲು ಸೇರಿಸಿದೆವು. ಎಸ್‌ಕ್ಯೂಎಲ್‌ಗೆ 3, ಜಿರಾಕ್ಕೆ 1. ಈಗ 15ಕ್ಕೆ 10, ಸುಮಾರು ಶೇಕಡಾ 67. ಕೊರತೆ ಇದ್ದ 9 ಅಂಕದಲ್ಲಿ 4 ಅಂಕ ಅವಳ ಕೊರತೆಯಾಗಿರಲಿಲ್ಲ, ಕಾಗದದ ಕೊರತೆಯಾಗಿತ್ತು. ಅಂಕ ಹಾಕುವುದರ ದೊಡ್ಡ ಲಾಭ ಇದೇ ಎಂದು ನನ್ನ ಅನಿಸಿಕೆ.

ಶೇಕಡಾ 60 ದಾಟಿದರೆ ಹಾಕು, 40ಕ್ಕಿಂತ ಕಡಿಮೆಯಾದರೆ ಬಿಡು, ನಡುವೆ ಇದ್ದರೆ ಕೊರತೆಯಾದದ್ದನ್ನು ಎರಡು ವಾರದಲ್ಲಿ ಕಲಿಯಬಹುದೇ ನೋಡು, ಇದು ನಾನು ಇಟ್ಟುಕೊಂಡಿರುವ ಅಳತೆ. ಯಾವ ಶಾಸ್ತ್ರವೂ ಅಲ್ಲ. ಅನುಭವದ ವರ್ಷದಲ್ಲಿ ಒಂದು ಕಡಿಮೆಯಿದ್ದರೆ ನಾನು ಅರ್ಧ ಅಂಕ ಕೊಡುತ್ತೇನೆ, ಮೂರು ಕಡಿಮೆಯಿದ್ದರೆ ಸೊನ್ನೆ.

ಆದರೆ ಒಟ್ಟು ಅಂಕ ಒಂದು ವಿಷಯವನ್ನು ಮುಚ್ಚಿಡುತ್ತದೆ. ಹುದ್ದೆಯ ಹೆಸರಿನಲ್ಲಿ, ಕೆಲಸದ ವಿವರದ ಮೊದಲ ಎರಡು ಮೂರು ಸಾಲಿನಲ್ಲಿ ಮತ್ತೆ ಮತ್ತೆ ಬರುವ ಪದ ಯಾವುದು ನೋಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಡಬೇಕಾದ ಕೆಲಸ ಅದೇ. ಅದಕ್ಕೇ ಸೊನ್ನೆ ಬಿದ್ದಿದ್ದರೆ ಉಳಿದದ್ದರಲ್ಲಿ ಶೇಕಡಾ 75 ಬಂದರೂ ಹಾಕಬೇಡಿ. ಅಂಕ ಏರಿಸಲು ಗೊತ್ತಿಲ್ಲದ ಪದ ಸೇರಿಸುವವರೂ ಇದ್ದಾರೆ. ನಾನು ಸಂದರ್ಶನಕ್ಕೆ ಕೂತಾಗ ರೆಸ್ಯೂಮ್‌ನಲ್ಲಿರುವ ಪದದಿಂದಲೇ ಮೊದಲ ಪ್ರಶ್ನೆ ಕೇಳುತ್ತೇನೆ, ಎರಡನೆಯ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ.

ನಮ್ಮ ಹುಡುಗಿಗೆ ಕರೆ ಬಂತು. ಮೊದಲ ಸುತ್ತು ದಾಟಿದಳು, ಎರಡನೆಯ ಸುತ್ತಿನಲ್ಲಿ ಸೆಲೆನಿಯಂ ಪ್ರಶ್ನೆಗೆ ನಿಂತುಬಿಟ್ಟಳು. ಅರ್ಧ ಅಂಕ ಹಾಕಿದ್ದ ಜಾಗದಲ್ಲೇ. ಎಲ್ಲಿ ಸೋತೆ ಎಂದು ಅವಳಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ. ಮೂರು ತಿಂಗಳು ಕೂತು ತನ್ನ ಹಳೆಯ ಟೆಸ್ಟ್ ಕೇಸ್‌ಗಳನ್ನೇ ಸೆಲೆನಿಯಂನಲ್ಲಿ ಬರೆದಳು. ಹೆಚ್ಚುಕಡಿಮೆ ಅದೇ ಪಟ್ಟಿಯಿದ್ದ ಇನ್ನೊಂದು ಜಾಹೀರಾತಿಗೆ ತಾನೇ ಅಂಕ ಹಾಕಿ, ಹನ್ನೊಂದೂವರೆ ಬಂತು ಎಂದು ಮೆಸೇಜ್ ಕಳಿಸಿದಳು. ಆ ಕೆಲಸಕ್ಕೆ ಸೇರಿ ಈಗ ಎಂಟು ತಿಂಗಳಾಯಿತು.

ಊಟವಾದ ಮೇಲೆ ನಾನು ಹತ್ತನೇ ತರಗತಿ 'ಬಿ' ಸೆಕ್ಷನ್ ಕೋಣೆಯಲ್ಲಿರುತ್ತೇನೆ. ರೆಸ್ಯೂಮ್ ಒಂದನ್ನೇ ತರಬೇಡಿ, ಯಾವ ಕೆಲಸಕ್ಕೆಂದು ಗೊತ್ತಿಲ್ಲದೆ ಅಂಕ ಹಾಕಲು ಬರುವುದಿಲ್ಲ. ಜಾಹೀರಾತನ್ನೂ ಪ್ರಿಂಟ್ ತೆಗೆಸಿಕೊಂಡು ಬನ್ನಿ. ಪೆನ್ಸಿಲ್ ನಾನು ತಂದಿದ್ದೇನೆ.