ಭೇದಿಯಾದ ಮಗುವಿಗೆ ಕುಡಿಸಬೇಕಾದುದು ಯಾವುದು: ಓಆರ್‌ಎಸ್, ಕ್ರೀಡಾ ಪಾನೀಯ, ಹಣ್ಣಿನ ರಸ

(ಗ್ರಾಮ ಪಂಚಾಯಿತಿ ಸದಸ್ಯರ ಮುಂಗಾರು ಪೂರ್ವ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಮಳೆಗಾಲದ ಸಭೆಯೆಂದರೆ ನಾವು ಸಾಮಾನ್ಯವಾಗಿ ಚರಂಡಿ, ನೀರಿನ ಟ್ಯಾಂಕು, ಕ್ಲೋರಿನೇಷನ್ ಇವುಗಳ ಕುರಿತು ಮಾತನಾಡುತ್ತೇವೆ. ಈ ದಿನ ನನಗೆ ದೊರೆತ ಸಮಯವನ್ನು ಬೇರೊಂದು ವಿಷಯಕ್ಕೆ ಬಳಸಿಕೊಳ್ಳಲು ಅನುಮತಿ ಕೋರುತ್ತೇನೆ. ಕಳೆದ ವರ್ಷ ನಮ್ಮ ಪಂಚಾಯಿತಿಯ ಒಂದು ಮನೆಯಲ್ಲಿ ನಡೆದ ಘಟನೆಯೇ ಇದಕ್ಕೆ ಕಾರಣ. ನಾನು ವೈದ್ಯನಲ್ಲ. ಇಲ್ಲಿ ಹೇಳುವುದನ್ನೆಲ್ಲ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಬಳಿ ಕುಳಿತು ಕೇಳಿ ತಿಳಿದುಕೊಂಡಿದ್ದೇನೆ.

ಒಂದೂವರೆ ವರ್ಷದ, ಹತ್ತು ಕಿಲೋ ತೂಕದ ಗಂಡು ಮಗು. ಬೆಳಗಿನಿಂದ ಸಂಜೆಯೊಳಗೆ ಎಂಟು ಬಾರಿ ನೀರು ನೀರಾಗಿ ಭೇದಿಯಾಯಿತು. ತಾಯಿ ಅಸಡ್ಡೆ ಮಾಡಿದವರಲ್ಲ. ‘ಭೇದಿಯಾದರೆ ನೀರಿನಂಶ ಕೊಡಬೇಕು’ ಎಂಬುದು ಅವರಿಗೆ ತಿಳಿದಿತ್ತು. ಹತ್ತಿರದ ಅಂಗಡಿಯಿಂದ 200 ಮಿಲಿ ಲೀಟರಿನ ಮೂರು ಸೇಬಿನ ರಸದ ಟೆಟ್ರಾ ಪ್ಯಾಕ್‌ಗಳನ್ನು ತಂದು ಒಂದಾದ ಮೇಲೊಂದು ಕುಡಿಸಿದರು. ಮಗು ಇಷ್ಟಪಟ್ಟು ಕುಡಿಯಿತು. ಆದರೆ ರಾತ್ರಿಯ ಹೊತ್ತಿಗೆ ಭೇದಿ ಹೆಚ್ಚಿತು, ಕಣ್ಣು ಗುಳಿಬಿದ್ದವು, ಅಳುವಾಗ ಕಣ್ಣೀರು ಬರಲಿಲ್ಲ. ಕೂಡಲೇ ಆರೋಗ್ಯ ಕೇಂದ್ರಕ್ಕೆ ಕರೆತಂದಿದ್ದರಿಂದ ಮಗು ಚೇತರಿಸಿಕೊಂಡಿತು. ತಾಯಿ ನನ್ನನ್ನು ಕೇಳಿದ ಪ್ರಶ್ನೆ ಇಷ್ಟೇ: ‘ಸರ್, ಕುಡಿಸಿದ್ದೂ ತಪ್ಪಾಯಿತೆ?’

ಕುಡಿಸಿದ್ದು ತಪ್ಪಲ್ಲ. ತಪ್ಪಿದ್ದು ಕುಡಿಸಿದ ಪಾನೀಯದ ಆಯ್ಕೆಯಲ್ಲಿ. ಅದು ಹೇಗೆಂಬುದನ್ನು ಅರಿಯಲು ಕರುಳಿನಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ತಿಳಿಯಬೇಕು.

ಭೇದಿಯಲ್ಲಿ ಮಗುವಿನ ದೇಹದಿಂದ ನೀರಿನ ಜೊತೆಗೆ ಉಪ್ಪಿನಂಶವೂ, ಮುಖ್ಯವಾಗಿ ಸೋಡಿಯಂ, ಹೊರಹೋಗುತ್ತದೆ. ಬರಿಯ ಉಪ್ಪು ನೀರನ್ನು ಕುಡಿಸಿದರೆ ಆ ಸ್ಥಿತಿಯಲ್ಲಿ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಬಂದಾಗ ಮಾತ್ರ ತೆರೆಯುವ ಒಂದು ದಾರಿಯಿದೆ. ಭೇದಿಯ ಸಮಯದಲ್ಲಿಯೂ ಆ ದಾರಿ ಕೆಲಸ ಮಾಡುತ್ತಿರುತ್ತದೆ. ಇವೆರಡೂ ಒಳಹೋದರೆ ಅವುಗಳ ಹಿಂದೆಯೇ ನೀರು ಒಳಹೋಗುತ್ತದೆ. ಓಆರ್‌ಎಸ್‌ನಲ್ಲಿ ಸಕ್ಕರೆಯಿರುವುದು ರುಚಿಗಾಗಿಯೂ ಅಲ್ಲ, ಶಕ್ತಿಗಾಗಿಯೂ ಅಲ್ಲ. ಉಪ್ಪನ್ನು, ಅದರೊಂದಿಗೆ ನೀರನ್ನು, ಒಳಗೆ ಕರೆದೊಯ್ಯಲು ಅದು ಇದೆ.

ಹಾಗಾದರೆ ಸಕ್ಕರೆ ಹೆಚ್ಚಿದ್ದರೆ ಇನ್ನೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವಾಗ ಹೆಚ್ಚಿದ ಮಾವಿನಕಾಯಿ ಹೋಳುಗಳ ಮೇಲೆ ಉಪ್ಪು ಸುರಿದು ಇಡುತ್ತೇವೆ. ಮರುದಿನ ನೋಡಿದರೆ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಆ ನೀರನ್ನು ನಾವು ಹಾಕಿದ್ದಲ್ಲ, ಹೋಳಿನೊಳಗಿನಿಂದ ಉಪ್ಪು ಎಳೆದದ್ದು. ಸಕ್ಕರೆಯೂ ಇದೇ ಕೆಲಸ ಮಾಡುತ್ತದೆ. ಕರುಳು ಹೀರಿಕೊಳ್ಳಲಾರದಷ್ಟು ಸಕ್ಕರೆ ಒಳಗೆ ಉಳಿದರೆ, ಅದು ಮಗುವಿನ ದೇಹದಲ್ಲಿರುವ ನೀರನ್ನೇ ಕರುಳಿಗೆ ಎಳೆಯುತ್ತದೆ. ಆ ನೀರು ಮತ್ತೆ ಭೇದಿಯಾಗಿ ಹೊರಬರುತ್ತದೆ. ಸೇಬಿನ ರಸದಲ್ಲಿ ನಿಧಾನವಾಗಿ ಹೀರಲ್ಪಡುವ ಬೇರೆ ಬಗೆಯ ಸಕ್ಕರೆಗಳೂ ಇರುವುದರಿಂದ ಈ ತೊಂದರೆ ಇನ್ನಷ್ಟು ಹೆಚ್ಚುತ್ತದೆ.

ಈಗ ಆ ಮಗುವಿನ ಲೆಕ್ಕವನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸಿಟ್ರೇಟ್ ಇರುತ್ತವೆ. ಒಟ್ಟು 20.5 ಗ್ರಾಂ. ಆ ಮಗು ಕುಡಿದ 600 ಮಿಲಿ ಲೀಟರ್ ಓಆರ್‌ಎಸ್ ಆಗಿದ್ದಿದ್ದರೆ ಅದರಲ್ಲಿ ಸುಮಾರು 8 ಗ್ರಾಂ ಸಕ್ಕರೆ ಇರುತ್ತಿತ್ತು. ಅಷ್ಟೇ ಪ್ರಮಾಣದ ಸೇಬಿನ ರಸದಲ್ಲಿ ಇದ್ದದ್ದು ಸುಮಾರು 66 ಗ್ರಾಂ, ಅಂದರೆ ಎಂಟು ಪಟ್ಟು. ಸೋಡಿಯಂ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಕಳೆದುಕೊಂಡದ್ದು ಮರಳಲಿಲ್ಲ, ಬೇಡದ್ದು ತುಂಬಿತು.

ಕ್ರೀಡಾ ಪಾನೀಯದ ಸ್ಥಿತಿ ಇವೆರಡರ ನಡುವಿನದು. ಅದನ್ನು ತಯಾರಿಸುವುದು ಬೆವರು ಸುರಿಸಿ ಆಡುವ ದೊಡ್ಡವರಿಗಾಗಿ. ಭೇದಿಯಲ್ಲಿ ಹೋಗುವ ಸೋಡಿಯಂ ಅನ್ನು ತುಂಬುವಷ್ಟು ಉಪ್ಪು ಅದರಲ್ಲಿರುವುದಿಲ್ಲ. ಆಟಗಾರನಿಗೆ ಶಕ್ತಿ ಬೇಕಾದ್ದರಿಂದ ಸಕ್ಕರೆ ಹೆಚ್ಚಿರುತ್ತದೆ. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ 100 ಮಿಲಿ ಲೀಟರಿಗೆ ಎಷ್ಟೆಂದು ಬರೆದಿರುವ ಎರಡು ಸಾಲುಗಳನ್ನು ಓದಿದರೆ ಇದು ತಿಳಿಯುತ್ತದೆ. ಸಿದ್ಧ ಓಆರ್‌ಎಸ್‌ನಲ್ಲಿ 100 ಮಿಲಿ ಲೀಟರಿಗೆ ಸಕ್ಕರೆ ಸುಮಾರು ಒಂದೂಕಾಲರಿಂದ ಒಂದೂವರೆ ಗ್ರಾಂ, ಸೋಡಿಯಂ ಸುಮಾರು 170 ಮಿಲಿಗ್ರಾಂ ಇರಬೇಕು. ಸಾಮಾನ್ಯ ಕ್ರೀಡಾ ಪಾನೀಯದಲ್ಲಿ ಸಕ್ಕರೆ ಸುಮಾರು 6 ಗ್ರಾಂ, ಸೋಡಿಯಂ 50 ಮಿಲಿಗ್ರಾಂನ ಆಸುಪಾಸು. ಹಣ್ಣಿನ ರಸದಲ್ಲಿ ಸಕ್ಕರೆ 10 ಗ್ರಾಂ ಅಥವಾ ಅದಕ್ಕೂ ಹೆಚ್ಚು, ಸೋಡಿಯಂ ಅತ್ಯಲ್ಪ. ಪೊಟ್ಟಣದ ಮುಂಬದಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ನಂಬದೆ ಈ ಎರಡು ಸಾಲುಗಳನ್ನೇ ನೋಡಬೇಕು.

ಹೆಸರನ್ನು ನಂಬಬಾರದೆಂದು ಹೇಳಲು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಹಲವು ವರ್ಷ ತಮ್ಮ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಅಕ್ಷರಗಳನ್ನು ಸೇರಿಸಿಕೊಂಡು ಮಾರಾಟವಾದವು. ಹೈದರಾಬಾದಿನ ಮಕ್ಕಳ ತಜ್ಞೆಯೊಬ್ಬರು ವರ್ಷಗಳ ಕಾಲ ಇದನ್ನು ಪ್ರಶ್ನಿಸುತ್ತ ಬಂದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು, ತಾನು ಈ ಹಿಂದೆ ನೀಡಿದ್ದ ಅನುಮತಿಯನ್ನು ಹಿಂಪಡೆದು, ಅಂಥ ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಬಾರದೆಂದು ಆದೇಶಿಸಿತು. ಆದರೂ ಹೆಸರು ಬದಲಾದ ಮಾತ್ರಕ್ಕೆ ಪಾನೀಯ ಬದಲಾಗುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಕೆನಡಾದ ಟೊರಾಂಟೊ ನಗರದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅರ್ಧದಷ್ಟು ನೀರು ಬೆರೆಸಿದ ಸೇಬಿನ ರಸವನ್ನು ಕುಡಿದ ಮಕ್ಕಳು ಸಕ್ಕರೆ-ಲವಣದ ದ್ರಾವಣ ಕುಡಿದ ಮಕ್ಕಳಿಗಿಂತ ಹಿಂದೆ ಬೀಳಲಿಲ್ಲ. ಫಲಿತಾಂಶ ತುಸು ಉತ್ತಮವೇ ಆಗಿತ್ತು. ಯಾರಾದರೂ ಇದನ್ನು ಮೊಬೈಲಿನಲ್ಲಿ ಓದಿ ನಿಮ್ಮ ಮುಂದಿಡಬಹುದು. ಆದರೆ ಆ ಮಕ್ಕಳು ಆರು ತಿಂಗಳು ದಾಟಿದವರು, ನೀರಿನಂಶವನ್ನು ಅತ್ಯಲ್ಪ ಮಾತ್ರ ಕಳೆದುಕೊಂಡವರು, ಆಸ್ಪತ್ರೆಗೆ ಬಂದು ವೈದ್ಯರಿಂದ ಪರೀಕ್ಷಿಸಲ್ಪಟ್ಟವರು. ಕಣ್ಣು ಗುಳಿಬಿದ್ದ ಮಗುವಿಗೆ, ಆರೋಗ್ಯ ಕೇಂದ್ರ ದೂರವಿರುವ ಹಾಡಿಯ ಅಥವಾ ತಾಂಡಾದ ಮಗುವಿಗೆ ಆ ಮಾತು ಅನ್ವಯಿಸುವುದಿಲ್ಲ. ಎಳನೀರು ಕೂಡ ಒಳ್ಳೆಯ ಪಾನೀಯವೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಗಂಜಿ, ಮಜ್ಜಿಗೆಗಳನ್ನು ಎಳನೀರಿನಂತೆಯೇ ಓಆರ್‌ಎಸ್ ಜೊತೆಗೆ ಕೊಡಬಹುದು, ಅದರ ಬದಲಿಗೆ ಅಲ್ಲ. ತಾಯಿಯ ಹಾಲನ್ನು ಎಂದಿಗೂ ನಿಲ್ಲಿಸಬಾರದು.

ಓಆರ್‌ಎಸ್ ತಂದರೂ ತಪ್ಪಾಗುವ ಒಂದು ಜಾಗವಿದೆ: ಕಲಸುವುದು. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಐದು ಪಟ್ಟಾಗುತ್ತದೆ. ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಪ್ರಾಣಕ್ಕೆ ಅಪಾಯವಾಗಬಹುದು. ಲೋಟಕ್ಕೆ ಚಿಟಿಕೆ ಚಿಟಿಕೆಯಾಗಿ ಹಾಕಿ ಪೊಟ್ಟಣವನ್ನು ದಿನಗಟ್ಟಲೆ ಬಳಸುವುದೂ ತಪ್ಪು, ಏಕೆಂದರೆ ಪುಡಿಯಲ್ಲಿ ಉಪ್ಪು, ಸಕ್ಕರೆ ಸಮನಾಗಿ ಹಂಚಿರುವುದಿಲ್ಲ. ಪೊಟ್ಟಣದ ಮೇಲೆ ಬರೆದಿರುವಷ್ಟೇ ನೀರು ತೆಗೆದುಕೊಳ್ಳಬೇಕು: ಕೆಲವು 200 ಮಿಲಿ ಲೀಟರಿಗೆ, ಕೆಲವು ಒಂದು ಲೀಟರಿಗೆ. ಅಳೆಯಲು ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಕುದಿಸಿ ಆರಿಸಿದ ಅಥವಾ ಶುದ್ಧ ಕುಡಿಯುವ ನೀರಿನಲ್ಲಿ ಇಡೀ ಪೊಟ್ಟಣವನ್ನು ಒಮ್ಮೆಗೇ ಕರಗಿಸಿ, ಮುಚ್ಚಿಟ್ಟು, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ಸಕ್ಕರೆ ಅಥವಾ ಬೇರೇನನ್ನೂ ಸೇರಿಸಬಾರದು.

ಪ್ರಮಾಣ ಹೀಗಿದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ ಲೀಟರ್, ಅದಕ್ಕೂ ದೊಡ್ಡ ಮಗುವಿಗೆ 100ರಿಂದ 200 ಮಿಲಿ ಲೀಟರ್. ನಮ್ಮ ಕಥೆಯ ಮಗುವಿನಂತೆ ನೀರಿನಂಶ ಕಡಿಮೆಯಾದ ಲಕ್ಷಣ ಕಂಡರೆ, ಆರೋಗ್ಯ ಕೇಂದ್ರದಲ್ಲಿ ಪ್ರತಿ ಕಿಲೋ ತೂಕಕ್ಕೆ 75 ಮಿಲಿ ಲೀಟರಿನಂತೆ ನಾಲ್ಕು ಗಂಟೆಗಳಲ್ಲಿ ಕೊಡುತ್ತಾರೆ. ಹತ್ತು ಕಿಲೋ ಮಗುವಿಗೆ 750 ಮಿಲಿ ಲೀಟರ್. ಐದು ಮಿಲಿ ಲೀಟರಿನ ಚಮಚದಲ್ಲಿ ಎಣಿಸಿದರೆ 150 ಚಮಚ, ಸುಮಾರು ಒಂದೂವರೆ ನಿಮಿಷಕ್ಕೊಂದು ಚಮಚ. ಆ ರಾತ್ರಿ ಆ ತಾಯಿ ಕುಳಿತು ಕುಡಿಸಿದ್ದು ಹೀಗೆಯೇ. ಲೋಟದಲ್ಲಿ ಒಮ್ಮೆಗೇ ಕುಡಿಸಿದರೆ ಮಗು ವಾಂತಿ ಮಾಡಬಹುದು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಆರಂಭಿಸಬೇಕು.

ಓಆರ್‌ಎಸ್ ಕುಡಿದ ಕೂಡಲೇ ಭೇದಿ ನಿಲ್ಲುವುದಿಲ್ಲ. ‘ಇದರಿಂದ ಪ್ರಯೋಜನವಿಲ್ಲ’ ಎಂದು ಎಷ್ಟೋ ಮನೆಗಳಲ್ಲಿ ಅರ್ಧಕ್ಕೆ ಬಿಡುವುದು ಇದೇ ಕಾರಣಕ್ಕೆ. ಅದರ ಕೆಲಸ ಭೇದಿಯನ್ನು ತಡೆಯುವುದಲ್ಲ, ಹೋದ ನೀರನ್ನು ತುಂಬುವುದು. ಭೇದಿಯ ಅವಧಿಯನ್ನು ಕಡಿಮೆ ಮಾಡಲು ಆಶಾ ಕಾರ್ಯಕರ್ತೆಯರು ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ, 14 ದಿನ ಪೂರ್ತಿ ಕೊಡಬೇಕು. ಮಗು ಮಂಕಾಗಿ ಎಚ್ಚರಗೊಳ್ಳದಿದ್ದರೆ, ಕುಡಿಯಲಾರದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಎರಡು ಸೆಕೆಂಡಿಗೂ ಹೆಚ್ಚು ಕಾಲ ಮಡಿಕೆಯಾಗಿಯೇ ನಿಂತರೆ, ಅಥವಾ ಮಲದಲ್ಲಿ ರಕ್ತ ಕಂಡರೆ, ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಕುಡಿಯಲು ಸಾಧ್ಯವಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಿರಬೇಕು.

ಸದಸ್ಯರಲ್ಲಿ ನನ್ನ ಕೋರಿಕೆ ಚಿಕ್ಕದು. ಆ ತಾಯಿ ಅಂಗಡಿಗೆ ಹೋದದ್ದು ಅಂಗಡಿ ಹತ್ತಿರವಿತ್ತೆಂಬ ಕಾರಣಕ್ಕೆ. ಆಶಾ ಕಾರ್ಯಕರ್ತೆಯ ಬಳಿ ಉಚಿತ ಪೊಟ್ಟಣವಿದ್ದುದು ಅವರಿಗೆ ಗೊತ್ತಿರಲಿಲ್ಲ. ತಮ್ಮ ತಮ್ಮ ವಾರ್ಡಿನಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಬಳಿ ಪೊಟ್ಟಣಗಳೂ ಸತುವಿನ ಮಾತ್ರೆಗಳೂ ಎಷ್ಟಿವೆ, ಅವಧಿ ಮುಗಿದಿಲ್ಲವೆ ಎಂದು ಈ ವಾರವೇ ವಿಚಾರಿಸಿ, ಕೊರತೆಯಿದ್ದರೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ನಡಾವಳಿಯಲ್ಲಿ ದಾಖಲಿಸಿ. ಐದು ವರ್ಷದೊಳಗಿನ ಮಕ್ಕಳಿರುವ ಪ್ರತಿ ಮನೆಯಲ್ಲಿ ಮಳೆಗೆ ಮೊದಲೇ ಎರಡು ಪೊಟ್ಟಣಗಳು ಇರುವಂತೆ ನೋಡಿಕೊಳ್ಳಿ. ಊರಿನ ಅಂಗಡಿಯಲ್ಲಿ ಸಿಹಿ ಪಾನೀಯವನ್ನು ‘ಓಆರ್‌ಎಸ್’ ಎಂದು ಹೇಳಿ ಮಾರುವುದು ಕಂಡರೆ ಜಗಳಕ್ಕೆ ಹೋಗಬೇಡಿ. ಅಂಗಡಿಯವರಿಗೂ ಬಹುಪಾಲು ಇದು ತಿಳಿದಿರುವುದಿಲ್ಲ. ಹಿಂಬದಿಯ ಆ ಎರಡು ಸಾಲುಗಳನ್ನು ಅವರಿಗೆ ಓದಿ ತೋರಿಸಿ. ಮಾರಾಟ ಮುಂದುವರಿದರೆ ಪಂಚಾಯಿತಿಯ ಮೂಲಕ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಪತ್ರ ಬರೆಯೋಣ, ಕ್ರಮ ಕೈಗೊಳ್ಳುವ ಅಧಿಕಾರ ಅವರದು.

ಮುಂದಿನ ಸಭೆಗೆ ಪ್ರತಿ ವಾರ್ಡಿನ ದಾಸ್ತಾನಿನ ಪಟ್ಟಿಯೊಂದಿಗೆ ತಾವು ಬರುವಿರೆಂದು ನಂಬಿ ನನ್ನ ಮಾತನ್ನು ಮುಗಿಸುತ್ತೇನೆ.