ಪಕ್ಕದ ಬೆಂಚಿನವನ ಫೋಟೋ

ಅಂಬಾನಿ ಮನೆ ಮದುವೆಯನ್ನ ನೀವೂ ನೋಡಿದ್ರಿ, ನಾವೂ ತೋರಿಸಿದ್ವಿ. ಅದನ್ನ ನೋಡಿ ನಿಮ್ಮಲ್ಲಿ ಯಾರಿಗಾದ್ರೂ ರಾತ್ರಿ ನಿದ್ದೆ ಕೆಟ್ಟಿತಾ? ಇಲ್ಲ. ಬೆರಗಾಗಿ ನೋಡಿದ್ರಿ, ನಾಲ್ಕು ಮಾತಾಡಿಕೊಂಡ್ರಿ, ಮಲಗಿದ್ರಿ. ಅದೇ ನಿಮ್ಮ ಜೊತೆ ಡಿಗ್ರಿ ಓದಿದ ಹುಡುಗ, ಪಕ್ಕದ ಬೆಂಚಲ್ಲೇ ಕೂತಿದ್ದವನು, ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡೋ ಫೋಟೋ ಹಾಕಿದ ಅಂತ ಇಟ್ಕೊಳ್ಳಿ. ಬೆರಳು ಅಲ್ಲೇ ನಿಲ್ಲುತ್ತೆ. ಎದೆಯೊಳಗೆ ಏನೋ ಚುರುಕ್ ಅನ್ನುತ್ತೆ.

ಸಾವಿರಾರು ಕೋಟಿಯ ಮದುವೆ ಮಾಡದ ಗಾಯವನ್ನ ಹತ್ತು ಲಕ್ಷದ ಕಾರು ಯಾಕೆ ಮಾಡುತ್ತೆ? ಇವತ್ತು ನಾನು ಮಾತಾಡೋದು ಇದೊಂದೇ ವಿಷಯ.

ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್. ಅದೂ 1954ರಲ್ಲಿ. ಅವತ್ತು ಮೊಬೈಲೂ ಇರಲಿಲ್ಲ, ಇಂಟರ್‌ನೆಟ್ಟೂ ಇರಲಿಲ್ಲ. ಅವರು ಹೇಳಿದ್ದನ್ನೇ ಸಾಮಾಜಿಕ ಹೋಲಿಕೆ ಸಿದ್ಧಾಂತ ಅಂತ ಕರೀತಾರೆ. ಅದರಲ್ಲಿ ನಮಗೆ ಬೇಕಾದ ಮಾತು ಮೂರು.

ಮೊದಲನೆಯದು, ಮನುಷ್ಯನಿಗೆ ತಾನು ಎಲ್ಲಿದ್ದೀನಿ ಅಂತ ಅಳೆದುಕೊಳ್ಳುವ ಹಂಬಲ ಇದ್ದೇ ಇರುತ್ತೆ. ತೂಕಕ್ಕೆ ತಕ್ಕಡಿ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಆದ್ರೆ "ನಾನು ಬದುಕಲ್ಲಿ ಗೆದ್ದಿದ್ದೀನಾ?" ಅನ್ನೋದನ್ನ ಅಳೆಯೋಕೆ ಯಾವ ತಕ್ಕಡಿ ಇದೆ? ಇಲ್ಲ. ತಕ್ಕಡಿ ಇಲ್ಲದ ಕಡೆ ನಾವು ಇನ್ನೊಬ್ಬ ಮನುಷ್ಯನನ್ನೇ ತಕ್ಕಡಿ ಮಾಡಿಕೊಳ್ತೀವಿ. ಎರಡನೆಯದು, ಆ ಇನ್ನೊಬ್ಬ ಯಾರೋ ಆಗಿದ್ರೆ ನಡೆಯಲ್ಲ, ನಮ್ಮಂಥವನೇ ಆಗಿರಬೇಕು. ಗಲ್ಲಿಯಲ್ಲಿ ಟೆನಿಸ್ ಬಾಲ್ ಆಡೋ ಹುಡುಗ ಕೊಹ್ಲಿ ಜೊತೆ ಪೈಪೋಟಿಗೆ ಬೀಳಲ್ಲ, ಎದುರು ಬೀದಿಯ ಟೀಮಿನ ಹುಡುಗನ ಜೊತೆ ಬೀಳ್ತಾನೆ. ಅಂತರ ಹೆಚ್ಚಾದಷ್ಟೂ ಹೋಲಿಕೆ ಸಡಿಲವಾಗುತ್ತೆ. ಮೂರನೆಯದು, ಸಾಮರ್ಥ್ಯದ ವಿಷಯ ಬಂದಾಗ ನಮ್ಮ ಕಣ್ಣು ಮೇಲಕ್ಕೇ ಹೋಗುತ್ತೆ, ನಮಗಿಂತ ಒಂದು ಮೆಟ್ಟಿಲು ಮುಂದಿರೋನ ಕಡೆಗೆ.

ಈಗ ಅಂಬಾನಿ ಯಾಕೆ ನೋಯಿಸಲಿಲ್ಲ, ಪಕ್ಕದ ಬೆಂಚಿನವನು ಯಾಕೆ ನೋಯಿಸಿದ ಅಂತ ಗೊತ್ತಾಯ್ತಲ್ಲ?

ಈ ಹಳೇ ಸ್ವಭಾವಕ್ಕೆ ಸೋಷಿಯಲ್ ಮೀಡಿಯಾ ಹೊಸದಾಗಿ ಸೇರಿಸಿದ್ದೇನು? ಒಂದು ಲೆಕ್ಕ ಹಾಕೋಣ. ದಾವಣಗೆರೆಯ ಒಬ್ಬ ಹುಡುಗಿಯನ್ನ ಊಹಿಸಿಕೊಳ್ಳಿ. ವಯಸ್ಸು 23. ಬಿಕಾಂ ಮುಗಿಸಿ ಆಡಿಟರ್ ಆಫೀಸಲ್ಲಿ ಕೆಲಸಕ್ಕೆ ಹೋಗ್ತಾಳೆ. ಇನ್‌ಸ್ಟಾಗ್ರಾಂನಲ್ಲಿ ಅವಳಿಗೆ ಗೊತ್ತಿರೋರು 300 ಜನ. ಪ್ರತಿಯೊಬ್ಬರ ಬದುಕಲ್ಲೂ ವರ್ಷಕ್ಕೆ ಎರಡೇ ಎರಡು ಒಳ್ಳೇ ಸುದ್ದಿ ಅಂತ ಇಟ್ಕೊಳ್ಳಿ. ಒಂದು ಕೆಲಸ, ಒಂದು ನಿಶ್ಚಿತಾರ್ಥ, ಇಲ್ಲ ಗೋವಾ ಟ್ರಿಪ್. ಅವರು ಆ ಎರಡನ್ನ ಮಾತ್ರ ಹಾಕ್ತಾರೆ. 300 ಜನ, ತಲಾ ಎರಡು. ವರ್ಷಕ್ಕೆ 600. ಅಂದ್ರೆ ತಿಂಗಳಿಗೆ 50, ದಿನಕ್ಕೆ ಒಂದೂವರೆಗಿಂತ ಜಾಸ್ತಿ. ಅವಳು ರಾತ್ರಿ ಫೋನ್ ತೆಗೆದಾಗಲೆಲ್ಲಾ ಯಾರೋ ಒಬ್ಬರು ಗೆದ್ದಿರ್ತಾರೆ. ಇವಳ ಪಾಲಿಗೂ ವರ್ಷಕ್ಕೆ ಎರಡು ಒಳ್ಳೇ ಸುದ್ದಿ ಇದ್ದೇ ಇದೆ. ಆದ್ರೆ ಮಿಕ್ಕ 363 ದಿನ ಇವಳ ಸಾಮಾನ್ಯ ದಿನವೊಂದು ಯಾರದೋ ಅತ್ಯುತ್ತಮ ದಿನದ ಎದುರು ನಿಲ್ಲುತ್ತೆ.

ಗಮನಿಸಿ, ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಫಿಲ್ಟರ್ ಹಾಕಿಲ್ಲ, ಸಾಲ ಮಾಡಿ ಬೈಕ್ ತಂದು ಬಿಲ್ಡಪ್ ಕೊಟ್ಟಿಲ್ಲ. ಎಲ್ಲರೂ ನಿಜವನ್ನೇ ಹಾಕಿದ್ದಾರೆ. ಆದ್ರೂ ಒಟ್ಟು ಚಿತ್ರ ಸುಳ್ಳು. ಅವಳ ಮನಸ್ಸು 300 ಜನರನ್ನ ಬೇರೆ ಬೇರೆಯಾಗಿ ನೋಡಲ್ಲ. "ಎಲ್ಲರೂ ಮುಂದೆ ಹೋದ್ರು" ಅಂತ ಒಂದೇ ವಾಕ್ಯ ಮಾಡಿಕೊಳ್ಳುತ್ತೆ. ಆ 300 ಜನರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು ಇದೇ ವಾಕ್ಯವನ್ನ ಹೇಳಿಕೊಳ್ತಿರಬಹುದು.

"ಇದೆಲ್ಲಾ ನಿಮ್ಮ ಊಹೆ, ಪುರಾವೆ ಎಲ್ಲಿ?" ಅಂತ ಕೇಳ್ತೀರಿ. ಕೇಳಲೇಬೇಕು. ಯಾಕಂದ್ರೆ ಇಲ್ಲೊಂದು ಗೊಂದಲ ಇದೆ. ಹೆಚ್ಚು ಹೊತ್ತು ಫೋನ್ ನೋಡೋರಲ್ಲಿ ಆತ್ಮಗೌರವ, ಅಂದ್ರೆ ತನ್ನ ಕಣ್ಣಲ್ಲಿ ತನಗಿರೋ ಬೆಲೆ, ಕಡಿಮೆ ಕಂಡುಬಂತು ಅಂತಿಟ್ಕೊಳ್ಳಿ. ಫೋನ್ ನೋಡಿ ಕುಗ್ಗಿದರೋ, ಕುಗ್ಗಿದ್ದಕ್ಕೆ ಫೋನ್ ಹಿಡಿದರೋ? ಕೋಳಿ ಮೊದಲಾ, ಮೊಟ್ಟೆ ಮೊದಲಾ ಅನ್ನೋ ಕಥೆ.

ಈ ಗಂಟನ್ನ ಬಿಡಿಸೋಕೆ ಎರಡು ದಾರಿ ಸಿಕ್ಕಿವೆ. ಮೊದಲನೆಯದು ಚಿಕ್ಕದು. ಎರಿನ್ ವೋಗಲ್ ಮತ್ತು ಅವರ ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗ. ಕಾಲೇಜು ವಿದ್ಯಾರ್ಥಿಗಳಿಗೆ ತಾವೇ ಸೃಷ್ಟಿಸಿದ ಪ್ರೊಫೈಲ್ ತೋರಿಸಿದ್ರು. ಕೆಲವರಿಗೆ ಸಿಕ್ಕಿದ್ದು ಚಟುವಟಿಕೆ ತುಂಬಿದ, ಆರೋಗ್ಯ ಚೆನ್ನಾಗಿ ಕಾಪಾಡಿಕೊಂಡ ವ್ಯಕ್ತಿಯ ಪ್ರೊಫೈಲ್. ಇನ್ನು ಕೆಲವರಿಗೆ ಅದಕ್ಕೆ ತದ್ವಿರುದ್ಧ. ನೋಡಿದ ಮೇಲೆ ಆ ಹೊತ್ತಿನ ಆತ್ಮಗೌರವವನ್ನ ಅಳೆದ್ರು. ಮೇಲಿನವನನ್ನ ನೋಡಿದವರ ಅಂಕ, ಕೆಳಗಿನವನನ್ನ ನೋಡಿದವರ ಅಂಕಕ್ಕಿಂತ ಕಡಿಮೆ ಬಂತು. ಯಾರಿಗೆ ಯಾವ ಪ್ರೊಫೈಲ್ ಅನ್ನೋದನ್ನ ಪ್ರಯೋಗ ಮಾಡಿದವರೇ ತೀರ್ಮಾನಿಸಿದ್ದರಿಂದ ಇಲ್ಲಿ ಕಾರಣ ಯಾವುದು ಅಂತ ಹೇಳಬಹುದು. ಆದ್ರೆ ಇದು ಆ ಗಳಿಗೆಯ ಕುಸಿತ ಮಾತ್ರ. ವರ್ಷಗಟ್ಟಲೆ ಉಳಿಯುತ್ತಾ ಅನ್ನೋದಕ್ಕೆ ಇದು ಉತ್ತರ ಅಲ್ಲ.

ಎರಡನೆಯದು ದೊಡ್ಡದು. ಫೇಸ್‌ಬುಕ್ 2004ರ ಫೆಬ್ರವರಿಯಲ್ಲಿ ಹಾರ್ವರ್ಡ್‌ನಲ್ಲಿ ಶುರುವಾಯ್ತು. ಆಮೇಲೆ ಒಂದೊಂದೇ ಕಾಲೇಜಿಗೆ ಬಂತು. ಆ ಕಾಲೇಜಿನ ಇಮೇಲ್ ಇದ್ರೆ ಮಾತ್ರ ಒಳಗೆ ಪ್ರವೇಶ. 2006ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಅಂದ್ರೆ ಸುಮಾರು ಎರಡೂವರೆ ವರ್ಷದ ಅವಧಿಯಲ್ಲಿ ಒಂದು ಕಾಲೇಜಲ್ಲಿ ಫೇಸ್‌ಬುಕ್ ಇದೆ, ಅಂಥದ್ದೇ ಇನ್ನೊಂದರಲ್ಲಿ ಇನ್ನೂ ಬಂದಿಲ್ಲ. ಅದೇ ವರ್ಷಗಳಲ್ಲಿ ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಆರೋಗ್ಯ ಸಮೀಕ್ಷೆ ನಡೀತಿತ್ತು. ಬ್ರಾಗಿಯೇರಿ, ಲೆವಿ, ಮಕಾರಿನ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಆ ಸಮೀಕ್ಷೆಯ ನಾಲ್ಕು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನ ಫೇಸ್‌ಬುಕ್ ಬಂದ ದಿನಾಂಕಗಳ ಪಕ್ಕ ಇಟ್ಟು ನೋಡಿದ್ರು. ಫಲಿತಾಂಶ ಪ್ರಕಟವಾಗಿದ್ದು 2022ರಲ್ಲಿ.

ಫೇಸ್‌ಬುಕ್ ಬಂದ ಕಾಲೇಜುಗಳಲ್ಲಿ ಮಾನಸಿಕ ಆರೋಗ್ಯ ಕುಸಿದಿತ್ತು. ಎಷ್ಟು? ಕೆಲಸ ಕಳೆದುಕೊಂಡಾಗ ಮನಸ್ಸಿಗೆ ಬೀಳೋ ಪೆಟ್ಟಿನ ಸುಮಾರು ಶೇ. 22ರಷ್ಟು. ಬಹಳ ದೊಡ್ಡದಲ್ಲ, ತಳ್ಳಿಹಾಕುವಷ್ಟು ಚಿಕ್ಕದೂ ಅಲ್ಲ. ಹೆಚ್ಚು ನೊಂದವರು ಯಾರು? ಕ್ಯಾಂಪಸ್ ಹೊರಗೆ ವಾಸ ಮಾಡೋರು, ಬಡ ಮನೆಯಿಂದ ಬಂದವರು, ದಪ್ಪ ಇರೋರು. ಅಂದ್ರೆ ಹೋಲಿಕೆ ಮಾಡಿದ್ರೆ ತಾವೇ ಕೆಳಗೆ ಅಂತ ಅನ್ನಿಸೋ ಸಾಧ್ಯತೆ ಇದ್ದವರು. ಇನ್ನೊಂದು ಸೂಕ್ಷ್ಮ ನೋಡಿ. ಸಹಪಾಠಿಗಳು ಎಷ್ಟು ಕುಡೀತಾರೆ ಅನ್ನೋ ವಿದ್ಯಾರ್ಥಿಗಳ ಅಂದಾಜು ಏರಿತ್ತು. ತಾವು ಎಷ್ಟು ಕುಡೀತೀವಿ ಅಂತ ಅವರು ಹೇಳಿದ್ದು ಮಾತ್ರ ಏರಿರಲಿಲ್ಲ. ಬದುಕು ಬದಲಾಗಿರಲಿಲ್ಲ, ಬೇರೆಯವರ ಬದುಕಿನ ಬಗ್ಗೆ ಇದ್ದ ಕಲ್ಪನೆ ಬದಲಾಗಿತ್ತು.

ಇನ್ನೊಂದು ಮಾತು. 2004ರ ಫೇಸ್‌ಬುಕ್‌ನಲ್ಲಿ ಲೈಕ್ ಬಟನ್ ಇರಲಿಲ್ಲ, ಅದು ಬಂದಿದ್ದು 2009ರಲ್ಲಿ. ತಾನಾಗೇ ಉರುಳೋ ನ್ಯೂಸ್ ಫೀಡ್ ಬಂದಿದ್ದು 2006ರ ಸೆಪ್ಟೆಂಬರ್‌ನಲ್ಲಿ. ಐಫೋನ್ ಬಂದಿದ್ದು 2007ರಲ್ಲಿ. ಈಗ ನಾವು ಎಲ್ಲಾ ತಪ್ಪನ್ನ ಅಲ್ಗಾರಿದಮ್ ತಲೆಗೆ ಕಟ್ತೀವಿ. ಅವತ್ತು ಇದ್ದದ್ದು ಒಂದು ಪ್ರೊಫೈಲ್ ಪುಟ, ಅದೂ ನಿಮ್ಮದೇ ಕಾಲೇಜಿನವರದ್ದು. ಫೆಸ್ಟಿಂಜರ್ ಹೇಳಿದ "ನಮ್ಮಂಥವರು" ಅಷ್ಟೂ ಜನ ಒಂದೇ ಕಡೆ. ಅಷ್ಟೇ ಸಾಕಾಗಿತ್ತು.

ಹಾಗಂತ ಎಲ್ಲರೂ ಒಂದೇ ಥರ ಕುಗ್ಗಲ್ಲ. ಹೋಲಿಸಿಕೊಳ್ಳೋ ಚಾಳಿ ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಕಡಿಮೆ. ವೋಗಲ್ ಅವರ ತಂಡವೇ 2015ರಲ್ಲಿ ತೋರಿಸಿದ್ದು ಅದನ್ನ. ಸ್ವಲ್ಪ ಹೊತ್ತು ಫೇಸ್‌ಬುಕ್ ನೋಡಿದ್ದಕ್ಕೇ ಪೆಟ್ಟು ತಿಂದವರು ಈ ಚಾಳಿ ಜಾಸ್ತಿ ಇದ್ದವರು. ಆದ್ದರಿಂದ "ದಿನಕ್ಕೆ ಎಷ್ಟು ಗಂಟೆ?" ಅಂತ ಮಕ್ಕಳನ್ನ ಕೇಳೋ ಅಪ್ಪ ಅಮ್ಮಂದಿರು ಅರ್ಧ ಪ್ರಶ್ನೆ ಮಾತ್ರ ಕೇಳ್ತಿದ್ದಾರೆ. ಎರಡು ಗಂಟೆ ಅಡುಗೆ ವಿಡಿಯೋ ನೋಡೋದೂ, ಇಪ್ಪತ್ತು ನಿಮಿಷ ಬ್ಯಾಚ್‌ಮೇಟ್‌ಗಳ ಪ್ರೊಫೈಲ್ ತಡಕಾಡೋದೂ ಒಂದೇ ಅಲ್ಲ.

ಮೇಲಿರೋರನ್ನ ನೋಡೋದೇ ತಪ್ಪಾ ಹಾಗಾದ್ರೆ? ಅಲ್ಲ. ಕೆನಡಾದ ಲಾಕ್‌ವುಡ್ ಮತ್ತು ಕುಂಡಾ ಅನ್ನೋ ಇಬ್ಬರ ಅಧ್ಯಯನ, 1997ರದ್ದು. ಅಕೌಂಟಿಂಗ್ ಓದೋ ವಿದ್ಯಾರ್ಥಿಗಳಿಗೆ ಅಂತಿಮ ವರ್ಷದ ಒಬ್ಬ ಅದ್ಭುತ ವಿದ್ಯಾರ್ಥಿಯ ಬಗ್ಗೆ ಓದೋಕೆ ಕೊಟ್ರು. ಮೊದಲ ವರ್ಷದವರು ಹುರುಪುಗೊಂಡ್ರು. "ನನಗೂ ಸಮಯ ಇದೆ, ನಾನೂ ಮಾಡ್ತೀನಿ." ಅಂತಿಮ ವರ್ಷದವರಿಗೆ ಆ ಹುರುಪು ಬರಲಿಲ್ಲ. ಓದಿದ ಬರಹ ಒಂದೇ. ವ್ಯತ್ಯಾಸ ಇದ್ದದ್ದು ತಲುಪೋಕೆ ಇನ್ನೂ ದಾರಿ ಉಳಿದಿದೆ ಅನ್ನೋ ನಂಬಿಕೆಯಲ್ಲಿ.

ದಾವಣಗೆರೆಯ ಆ ಹುಡುಗಿ ಹತ್ತಿರ ಮತ್ತೆ ಬರೋಣ. ಅವಳು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಹತ್ತು ವರ್ಷ ಸೀನಿಯರ್ ಆದ ಸಿಎ ಒಬ್ಬರನ್ನ ನೋಡಿದ್ರೆ ಅವಳಿಗೆ ದಾರಿ ಕಾಣುತ್ತೆ. ತನ್ನದೇ ಬ್ಯಾಚಿನವಳು ಬೆಂಗಳೂರಲ್ಲಿ ಕೆಲಸ ಹಿಡಿದ ಫೋಟೋ ನೋಡಿದ್ರೆ "ಇಬ್ಬರೂ ಒಟ್ಟಿಗೆ ಹೊರಟ್ವಿ, ಅವಳು ಮುಟ್ಟಿದಳು, ನಾನು ಮುಟ್ಟಲಿಲ್ಲ" ಅನ್ನಿಸುತ್ತೆ. ಫೋಟೋದಲ್ಲಿ ಮುಟ್ಟಿದ್ದು ಮಾತ್ರ ಇದೆ, ಅವಳು ನಡೆದ ದಾರಿ ಇಲ್ಲ. ಎಷ್ಟು ಇಂಟರ್‌ವ್ಯೂ ಫೇಲ್ ಆದಳು, ಪಿಜಿ ಬಾಡಿಗೆ ಹೇಗೆ ಕಟ್ಟಿದಳು, ಯಾರು ರೆಫರ್ ಮಾಡಿದ್ರು, ಒಂದೂ ಇಲ್ಲ.

ನಿಮ್ಮಲ್ಲಿ ಇಪ್ಪತ್ತರ ಆಸುಪಾಸಿನವರಿಗೆ ಒಂದು ಪರೀಕ್ಷೆ ಹೇಳ್ತೀನಿ. ಫೋನ್ ಕೆಳಗಿಟ್ಟ ಮೇಲೆ ಕೇಳಿಕೊಳ್ಳಿ: ಆ ವ್ಯಕ್ತಿ ಅದನ್ನ ಹೇಗೆ ಮಾಡಿದ ಅಂತ ಒಂದಾದ್ರೂ ವಿಷಯ ನನಗೆ ಗೊತ್ತಾಯ್ತಾ? ಗೊತ್ತಾಗಿದ್ರೆ ಆ ಹೋಲಿಕೆ ಕೆಲಸಕ್ಕೆ ಬಂತು. "ನಾನು ಎಷ್ಟನೇ ಸ್ಥಾನದಲ್ಲಿದ್ದೀನಿ" ಅನ್ನೋದಷ್ಟೇ ತಲೆಯಲ್ಲಿ ಉಳಿದಿದ್ರೆ, ಆ ಅಕೌಂಟನ್ನ ಮ್ಯೂಟ್ ಮಾಡಿ. ಅವರಿಗೆ ಗೊತ್ತಾಗಲ್ಲ, ಸಂಬಂಧ ಕೆಡಲ್ಲ. ಇಲ್ಲ ಅಂದ್ರೆ ಒಂದು ಫೋನ್ ಮಾಡಿ. "ಕೆಲಸ ಸಿಕ್ತಂತೆ, ಹೇಗೆ ಸಿಕ್ತು ಮಾರಾಯ್ತಿ?" ಅಂತ ಕೇಳಿ. ಹತ್ತು ನಿಮಿಷದಲ್ಲಿ ಫೋಟೋದ ಹಿಂದಿನ ಕಥೆ ಬಿಚ್ಚಿಕೊಳ್ಳುತ್ತೆ. ಆ ಕಡೆಯಿಂದ "ನೀನೇ ಅದೃಷ್ಟವಂತೆ ಕಣೇ, ಮನೆ ಊಟ ತಿಂದುಕೊಂಡು ಇದ್ದೀಯ" ಅನ್ನೋ ಮಾತು ಬಂದ್ರೆ ಆಶ್ಚರ್ಯ ಪಡಬೇಡಿ. ಅವಳ ಲಿಸ್ಟಿನ 300 ಜನರಲ್ಲಿ ನೀವೂ ಒಬ್ಬರು.