ಫೋನ್ ನಂಬರ್‌ನ ಕೊನೇ ಅಂಕಿ ಬ್ಲೇಡ್‌ಗೆ ಸಿಗಬಾರದು ಅಂದ್ರೆ

ಇವತ್ತಿನ ಮಾತು ಪಾಂಪ್ಲೆಟ್ ಬಗ್ಗೆ. ಏರಿಯಾದಲ್ಲಿ ಹಂಚೋಕೆ, ಪೇಪರ್ ಒಳಗೆ ಇಡಿಸೋಕೆ ನಾವೇ ಡಿಸೈನ್ ಮಾಡಿ ಪ್ರೆಸ್‌ಗೆ ಕಳಿಸ್ತೀವಲ್ಲ, ಅದೇ ಫ್ಲೈಯರ್. ಸ್ಕ್ರೀನ್ ಮೇಲೆ ಎಲ್ಲ ಸರಿಯಾಗೇ ಕಾಣುತ್ತೆ. ಸಾವಿರ ಕಾಪಿ ಕೈಗೆ ಬಂದಮೇಲೆ ನೋಡಿದ್ರೆ, ಕೆಳಗಿನ ಮೂಲೆಯಲ್ಲಿದ್ದ ಫೋನ್ ನಂಬರ್‌ನ ಕೊನೇ ಅಂಕಿ ಅರ್ಧ ಇಲ್ಲ. ಒಂಬತ್ತೂವರೆ ಅಂಕಿಗೆ ಯಾರೂ ಫೋನ್ ಮಾಡೋಕಾಗಲ್ಲ. ಆ ಸಾವಿರ ಕಾಪಿ ರದ್ದಿಗೆ ಹೋಯ್ತು ಅಂತಲೇ ಲೆಕ್ಕ.

ಇದು ಯಾಕೆ ಆಗುತ್ತೆ ಅಂತ ಮೊದಲು ನೋಡೋಣ. ನಿಮ್ಮ ಪಾಂಪ್ಲೆಟ್ ಅದರದೇ ಸೈಜಿನ ಪೇಪರ್ ಮೇಲೆ ಪ್ರಿಂಟ್ ಆಗಲ್ಲ. ಸಾಮಾನ್ಯವಾಗಿ ಒಂದು ದೊಡ್ಡ ಶೀಟ್ ಮೇಲೆ ಎರಡೋ ನಾಲ್ಕೋ ಒಟ್ಟಿಗೆ ಪ್ರಿಂಟ್ ಆಗುತ್ತೆ. ಆಮೇಲೆ ಆ ಶೀಟ್‌ಗಳನ್ನ ಒಂದರ ಮೇಲೊಂದು ಜೋಡಿಸಿ, ಕಟಿಂಗ್ ಮೆಷಿನ್‌ಗೆ ಇಟ್ಟು, ಇಡೀ ಕಟ್ಟನ್ನ ಒಂದೇ ಏಟಿಗೆ ಕತ್ತರಿಸ್ತಾರೆ. ಇಲ್ಲಿ ಎರಡು ಕಡೆ ಅಲುಗಾಟ ಇರುತ್ತೆ. ಮೆಷಿನ್ ಒಳಗೆ ಹೋಗುವಾಗ ಪ್ರತಿ ಶೀಟೂ ಒಂಚೂರು ಆಚೀಚೆ ಸರಿಯುತ್ತೆ, ಹಾಗಾಗಿ ಪ್ರಿಂಟ್ ಎಲ್ಲಾ ಶೀಟಲ್ಲೂ ಒಂದೇ ಜಾಗದಲ್ಲಿ ಬಿದ್ದಿರಲ್ಲ. ಬ್ಲೇಡ್ ಇಳಿಯುವಾಗ ಕಟ್ಟಿನ ಹಾಳೆಗಳೂ ಸ್ವಲ್ಪ ಎಳೆದುಕೊಳ್ತವೆ. ಒಂದು ಮಿಲಿಮೀಟರ್ ಆಚೀಚೆ ಆಗೋದು ಸಹಜ, ಕೆಲವು ಸಲ ಎರಡೂ ಆಗಬಹುದು. ಕತ್ತರಿಸೋರು ಎಷ್ಟೇ ಜಾಗ್ರತೆ ಮಾಡಿದ್ರೂ ಇದು ಪೂರ್ತಿ ಹೋಗಲ್ಲ.

ಅಂದ್ರೆ ಕಟಿಂಗ್ ಲೈನ್ ಅನ್ನೋದನ್ನ ಗೆರೆ ಅಂದುಕೊಳ್ಳಬಾರದು, ಅದು ಒಂದು ಪಟ್ಟಿ. ಆ ಪಟ್ಟಿಯೊಳಗೆ ಬ್ಲೇಡ್ ಎಲ್ಲಿ ಬೇಕಾದ್ರೂ ಬೀಳಬಹುದು. ಹಾಗಾಗಿ ಹೊರಗಡೆ ಬಣ್ಣ ಹೆಚ್ಚಿಗೆ ಬಿಡ್ತೀವಿ, ಅದೇ ಬ್ಲೀಡ್. ಒಳಗಡೆ ಮುಖ್ಯವಾದ್ದನ್ನ ಅಂಚಿಂದ ದೂರ ಇಡ್ತೀವಿ, ಅದೇ ಸೇಫ್ ಮಾರ್ಜಿನ್.

ಒಂದು ಉದಾಹರಣೆ ಇಟ್ಕೊಂಡು ಲೆಕ್ಕ ಹಾಕೋಣ. ಟ್ಯೂಷನ್ ಕ್ಲಾಸಿನ ಪಾಂಪ್ಲೆಟ್, ಎ5 ಸೈಜು, ಅಂದ್ರೆ ಎ4ರ ಅರ್ಧ. ಕಟಿಂಗ್ ಆದಮೇಲೆ 148 ಮಿಲಿಮೀಟರ್ ಅಗಲ, 210 ಎತ್ತರ. ಹಿಂದೆ ಅಂಚಿನವರೆಗೂ ನೀಲಿ ಬಣ್ಣ, ಮೇಲೆ ಹೆಸರು, ಕೆಳಗೆ ಫೋನ್ ನಂಬರ್.

ಬ್ಲೀಡ್ ಇಲ್ಲದೆ, ನೀಲಿ ಬಣ್ಣ ಸರಿಯಾಗಿ 148ಕ್ಕೆ ನಿಂತಿದೆ ಅಂದ್ಕೊಳ್ಳಿ. ನಂಬರ್ ಎಡ ಅಂಚಿಂದ ಒಂದೇ ಮಿಲಿಮೀಟರ್ ದೂರ ಶುರುವಾಗುತ್ತೆ. ಪ್ರಿಂಟ್ ಒಂದು ಮಿಲಿಮೀಟರ್ ಎಡಕ್ಕೆ ಸರೀತು. ಬಲಗಡೆ ಬ್ಲೇಡ್ ನೀಲಿ ಮುಗಿದ ಮೇಲೆ ಬೀಳುತ್ತೆ, ಅಲ್ಲಿ ಉದ್ದಕ್ಕೂ ಒಂದು ಬಿಳಿ ಗೆರೆ. ಎಡಗಡೆ ಬ್ಲೇಡ್ ಒಂದು ಮಿಲಿಮೀಟರ್ ತಿನ್ನುತ್ತೆ, ನಂಬರ್ ಅಂಚಿಗೇ ತಾಗಿ ಕೂರುತ್ತೆ. ಇನ್ನೊಂಚೂರು ಸರಿದಿದ್ರೆ ಮೊದಲ ಅಂಕಿ ಹೋಯ್ತು. ಒಂದೇ ಅಲುಗಾಟಕ್ಕೆ ಎರಡೂ ಕಡೆ ಏಟು.

ಈಗ ಸರಿ ಮಾಡೋಣ. ಬ್ಲೀಡ್ ಸಾಮಾನ್ಯವಾಗಿ ಪ್ರತಿ ಬದಿಗೆ 3 ಮಿಲಿಮೀಟರ್. ಎಡಕ್ಕೆ ಮೂರು, ಬಲಕ್ಕೆ ಮೂರು, ಹಾಗಾಗಿ ಅಗಲ 154. ಮೇಲೆ ಮೂರು, ಕೆಳಗೆ ಮೂರು, ಎತ್ತರ 216. ನೀಲಿ ಬಣ್ಣ ಅಲ್ಲೀತನಕ ಹೋಗಬೇಕು. ಸೇಫ್ ಮಾರ್ಜಿನ್‌ಗೆ ಕಟಿಂಗ್ ಲೈನಿಂದ ಒಳಕ್ಕೆ 5 ಮಿಲಿಮೀಟರ್ ಬಿಡಿ. ಹೆಸರು, ನಂಬರ್, ಲೋಗೋ, ಕ್ಯೂಆರ್ ಕೋಡ್ ಎಲ್ಲಾ 138ಕ್ಕೆ 200ರ ಒಳಗೇ ಇರಲಿ. ಆಗ ಬ್ಲೇಡ್ ಎರಡು ಮಿಲಿಮೀಟರ್ ಸರಿದರೂ ಹೊರಗೆ ನೀಲಿ ಇದ್ದೇ ಇರುತ್ತೆ, ನಂಬರ್‌ಗೆ ಇನ್ನೂ ಮೂರು ಮಿಲಿಮೀಟರ್ ಜಾಗ ಉಳಿದಿರುತ್ತೆ.

ಬಾರ್ಡರ್ ಬಗ್ಗೆ ಒಂದು ಮಾತು. ಸುತ್ತ ತೆಳು ಗೆರೆ ಹಾಕೋದು ನಮ್ಮ ಪಾಂಪ್ಲೆಟ್‌ಗಳಲ್ಲಿ ಜಾಸ್ತಿ. ಆ ಗೆರೆ ಅಂಚಿಂದ 2 ಮಿಲಿಮೀಟರ್ ದೂರ ಇದ್ದು, ಪ್ರಿಂಟ್ ಒಂದು ಮಿಲಿಮೀಟರ್ ಸರಿದರೆ, ಒಂದು ಕಡೆ 1, ಇನ್ನೊಂದು ಕಡೆ 3. ಸೊಟ್ಟಗಿದೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಬಾರ್ಡರ್ ಬೇಡ ಅಂದ್ರೆ ಒಳ್ಳೇದು. ಬೇಕೇ ಬೇಕು ಅಂದ್ರೆ 6–7 ಮಿಲಿಮೀಟರ್ ಒಳಗೆ ತಗೊಳ್ಳಿ, ಅಷ್ಟು ಎದ್ದು ಕಾಣಲ್ಲ.

ಇದನ್ನ ಮಾಡೋದು ಹೇಗೆ? ಕ್ಯಾನ್ವಾದಲ್ಲಾದ್ರೆ ಲ್ಯಾಪ್‌ಟಾಪಲ್ಲಿ ತೆರೆದು, `File` ಮೆನುವಿನ ಸೆಟ್ಟಿಂಗ್ಸ್ ಒಳಗೆ `Show print bleed` ಆನ್ ಮಾಡಿ. ಡಿಸೈನಿನ ಸುತ್ತ ಹೆಚ್ಚುವರಿ ಜಾಗ ಕಾಣುತ್ತೆ. ಆನ್ ಮಾಡಿದ ಮಾತ್ರಕ್ಕೆ ಬಣ್ಣ ಅಲ್ಲಿಗೆ ತಾನಾಗೇ ಹೋಗಿರುತ್ತೆ ಅಂತ ನಂಬಬೇಡಿ. ಬಣ್ಣದ ಪಟ್ಟಿ, ಫೋಟೋ ಎಲ್ಲವನ್ನ ಹೊರ ಅಂಚಿನವರೆಗೆ ನೀವೇ ಎಳೀಬೇಕು. ಡೌನ್‌ಲೋಡ್ ಮಾಡುವಾಗ `PDF Print` ಆರಿಸಿ, `Crop marks and bleed` ಟಿಕ್ ಮಾಡಿ. ನಾಲ್ಕು ಮೂಲೆಯಲ್ಲೂ ಸಣ್ಣ ಗೆರೆಗಳು ಬರ್ತವೆ, ಕತ್ತರಿಸೋರು ನೋಡೋದು ಅವನ್ನೇ.

ಫೋನಲ್ಲಿ ಮಾಡ್ತೀರಿ, ಆ ಆ್ಯಪಲ್ಲಿ ಬ್ಲೀಡ್ ಆಯ್ಕೆನೇ ಇಲ್ಲ ಅಂದ್ರೆ, ಪೇಜ್ ಸೈಜನ್ನೇ 154ಕ್ಕೆ 216 ಅಂತ ಇಟ್ಟುಬಿಡಿ. ಪಿಕ್ಸೆಲ್ ಮಾತ್ರ ಕೇಳಿದ್ರೆ 1819ಕ್ಕೆ 2551, ಇದು 300 ಡಿಪಿಐ ಲೆಕ್ಕ. ಈ ಪೇಜಲ್ಲಿ ಅಕ್ಷರಗಳು ಅಂಚಿಂದ 8 ಮಿಲಿಮೀಟರ್ ಒಳಗಿರಬೇಕು: ಬ್ಲೀಡಿಗೆ ಮೂರು, ಮಾರ್ಜಿನ್‌ಗೆ ಐದು. ಸುಮಾರು 95 ಪಿಕ್ಸೆಲ್. ಕಳಿಸುವಾಗ ಒಂದು ಸಾಲು ಬರೀರಿ: "ಕಟಿಂಗ್ ಸೈಜು 148ಕ್ಕೆ 210, ಸುತ್ತ 3 ಮಿಲಿಮೀಟರ್ ಬ್ಲೀಡ್ ಸೇರಿದೆ." ಇದನ್ನ ಹೇಳದೇ ಹೋದ್ರೆ, ಪ್ರೆಸ್‌ನವರು ಇಡೀ ಫೈಲನ್ನ ಎ5ಗೆ ಕುಗ್ಗಿಸಬಹುದು. ಆಗ ನೀವು ಬಿಟ್ಟ ಬ್ಲೀಡ್ ಪೇಜಿನ ಒಳಗೇ ಬಂದುಬಿಡುತ್ತೆ, ಬಿಟ್ಟಿದ್ದೂ ಒಂದೇ ಬಿಡದಿದ್ದೂ ಒಂದೇ.

ಆರ್ಡರ್ ಕೊಡೋ ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವ ಶೀಟ್ ಮೇಲೆ ಪ್ರಿಂಟ್ ಮಾಡ್ತೀರಾ? ಎ4 ಮೇಲೆ ಎರಡು ಎ5 ಹಾಕಿ ಮಧ್ಯಕ್ಕೆ ಕತ್ತರಿಸ್ತೀವಿ ಅಂದ್ರೆ, ಬ್ಲೀಡಿಗೆ ಜಾಗವೇ ಇಲ್ಲ. ಎರಡು 154 ಸೇರಿದ್ರೆ 308, ಎ4ರ ಉದ್ದ 297. ಹೆಚ್ಚಿನ ಪ್ರಿಂಟರ್‌ಗಳು ಹಾಳೆಯ ತುದಿಯವರೆಗೂ ಪ್ರಿಂಟ್ ಮಾಡಲ್ಲ, ಸುತ್ತ ಬಿಳಿ ಬಿಟ್ಟೇ ಬಿಡ್ತವೆ. ಆಗ ಅಂಚಿನವರೆಗಿನ ಬಣ್ಣದ ಆಸೆ ಬಿಟ್ಟು, ಬಿಳಿ ಹಿನ್ನೆಲೆಯಲ್ಲೇ ಡಿಸೈನ್ ಮಾಡೋದು ಜಾಣತನ. 13ಕ್ಕೆ 19 ಇಂಚಿನ ಶೀಟ್ ಅಂದ್ರೆ ಚಿಂತೆ ಇಲ್ಲ. ಅದು ಸುಮಾರು 330ಕ್ಕೆ 482 ಮಿಲಿಮೀಟರ್, ಬ್ಲೀಡ್ ಸಮೇತ ನಾಲ್ಕು ಕೂರ್ತವೆ.

ಕೊನೆಗೆ, ಸಾವಿರ ಕಾಪಿಗೆ ಹೂಂ ಅನ್ನೋ ಮೊದಲು ಒಂದು ಪರೀಕ್ಷೆ. ಕ್ರಾಪ್ ಮಾರ್ಕ್ ಇರೋ ಪಿಡಿಎಫ್ ಅನ್ನ ಎ4 ಹಾಳೆ ಮೇಲೆ ಪ್ರಿಂಟ್ ಮಾಡಿಸಿ. ಸೆಟ್ಟಿಂಗಲ್ಲಿ `Fit` ಬೇಡ, `Actual size` ಇರಲಿ. ಎದುರುಬದುರು ಮಾರ್ಕ್‌ಗಳನ್ನ ಸ್ಕೇಲ್ ಇಟ್ಟು ಪೆನ್ಸಿಲಲ್ಲಿ ಸೇರಿಸಿ. ನಾಲ್ಕೂ ಕಡೆ ಆ ಗೆರೆಯ ಹೊರಗೂ ಬಣ್ಣ ಕಾಣಬೇಕು. ಆಮೇಲೆ ಬೇಕಂತಲೇ ಗೆರೆಗಿಂತ 2 ಮಿಲಿಮೀಟರ್ ಒಳಗೆ ಕತ್ತರಿಸಿ. ಕೈಯಲ್ಲಿ ಉಳಿದ ತುಂಡಲ್ಲಿ ನಂಬರ್ ಪೂರ್ತಿ ಇದ್ದು, ಸುತ್ತ ಸ್ವಲ್ಪ ಜಾಗವೂ ಇದ್ರೆ, ಫೈಲ್ ಪ್ರೆಸ್‌ಗೆ ಕಳಿಸಬಹುದು.